ಪಿ ಮೌಲ್ಯ 0.06 ಬಂದಾಗ ವಾಕ್ಯ ಬರೆಯುವುದು ಹೇಗೆ

ಕ್ಲಿನಿಕಲ್ ಟ್ರಯಲ್ ವರದಿಗಳ ಅಂಕಿಅಂಶದ ಭಾಗವನ್ನು ತಿದ್ದುವವರ ಕೈಗೆ ಪದೇಪದೇ ಸಿಗುವ ವಾಕ್ಯ ಒಂದಿದೆ: "ಮರಣ ಪ್ರಮಾಣದಲ್ಲಿನ ಇಳಿಕೆ ಮಾರ್ಜಿನಲಿ ಸಿಗ್ನಿಫಿಕೆಂಟ್ ಆಗಿತ್ತು." ಕೆಲವರು ಇದನ್ನೇ "ಸಿಗ್ನಿಫಿಕೆನ್ಸ್ ಕಡೆಗೆ ಟ್ರೆಂಡ್ ಇತ್ತು" ಎಂದು ಬರೆಯುತ್ತಾರೆ. ನಿಜದಲ್ಲಿ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಂಭವವೇ ಪಿ ಮೌಲ್ಯ. ಅದು ವಾಡಿಕೆಯ ಗೆರೆಯಾದ 0.05 ದಾಟಿದೆ, ಆದರೆ ಫಲಿತಾಂಶ ಬಿಟ್ಟುಕೊಡಲು ಮನಸ್ಸಿಲ್ಲ. ಅದಕ್ಕೆ ಈ ವಾಕ್ಯ. ಇದನ್ನು ಓದಿದವರಿಗೆ ಇಳಿಕೆ ಎಷ್ಟು ಎಂಬುದೂ ತಿಳಿಯುವುದಿಲ್ಲ, ಆ ಅಂದಾಜನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದೂ ತಿಳಿಯುವುದಿಲ್ಲ. ಬರೆದವರ ಆಸೆ ಮಾತ್ರ ತಿಳಿಯುತ್ತದೆ.

ತಿದ್ದುವ ಬಗೆಯನ್ನು ತೋರಿಸಲು ಪ್ರಕಟವಾದ ಒಂದು ಪ್ರಯೋಗವನ್ನೇ ತೆಗೆದುಕೊಳ್ಳೋಣ. ಆಂಡ್ರೊಮಿಡಾ-ಶಾಕ್ ಎಂಬ ಈ ಪ್ರಯೋಗ ಲ್ಯಾಟಿನ್ ಅಮೆರಿಕದ ಐದು ದೇಶಗಳ ಐಸಿಯುಗಳಲ್ಲಿ ನಡೆದು 2019ರಲ್ಲಿ ಪ್ರಕಟವಾಯಿತು. ಸೋಂಕಿನಿಂದ ರಕ್ತದೊತ್ತಡ ಕುಸಿದು ಸೆಪ್ಟಿಕ್ ಶಾಕ್ ಆದವರಿಗೆ ದ್ರವ ಮತ್ತು ಔಷಧ ಕೊಡುವಾಗ ಯಾವುದನ್ನು ನೋಡಿಕೊಂಡು ಕೊಡಬೇಕು ಎಂಬುದು ಅದರ ಪ್ರಶ್ನೆ. ಒಂದು ಗುಂಪಿನಲ್ಲಿ ಎರಡು ಗಂಟೆಗೊಮ್ಮೆ ರಕ್ತದ ಲ್ಯಾಕ್ಟೇಟ್ ನೋಡುತ್ತಿದ್ದರು. ಇನ್ನೊಂದರಲ್ಲಿ ಅರ್ಧ ಗಂಟೆಗೊಮ್ಮೆ ಬೆರಳ ತುದಿಯನ್ನು ಗಾಜಿನ ಸ್ಲೈಡಿನಿಂದ ಹತ್ತು ಸೆಕೆಂಡ್ ಒತ್ತಿ ಬಿಟ್ಟು, ಬಣ್ಣ ಮರಳಲು ಮೂರು ಸೆಕೆಂಡಿಗಿಂತ ಹೆಚ್ಚು ಬೇಕೇ ಎಂದು ನೋಡುತ್ತಿದ್ದರು. ಎರಡೂ ಗುಂಪಿನಲ್ಲಿ ತಲಾ 212 ಜನ. 28 ದಿನಗಳಲ್ಲಿ ಬೆರಳು ನೋಡಿದ ಗುಂಪಿನಲ್ಲಿ 74 ಜನ, ಲ್ಯಾಕ್ಟೇಟ್ ಗುಂಪಿನಲ್ಲಿ 92 ಜನ ತೀರಿಕೊಂಡರು. ಅಂದರೆ ಶೇ. 34.9 ಮತ್ತು ಶೇ. 43.4. ಮುಖ್ಯ ವಿಶ್ಲೇಷಣೆಯಲ್ಲಿ ಹಜಾರ್ಡ್ ಅನುಪಾತ, ಅಂದರೆ ಎರಡು ಗುಂಪುಗಳ ಸಾವಿನ ದರದ ಅನುಪಾತ, 0.75; ಅದರ 95% ವಿಶ್ವಾಸ ಅಂತರ, ಅಂದರೆ ದತ್ತಾಂಶಕ್ಕೆ ಹೊಂದುವ ಬೆಲೆಗಳ ವ್ಯಾಪ್ತಿ, 0.55ರಿಂದ 1.02; ಪಿ ಮೌಲ್ಯ 0.06. ಮುಂದೆ ಅಂತರ ಎಂದರೆ ಈ ವ್ಯಾಪ್ತಿಯೇ.

ಈ ಅಂಕಿಗಳನ್ನು ಒಬ್ಬರು "ಸಾವು ಕಡಿಮೆಯಾಗುವ ಟ್ರೆಂಡ್" ಎಂದು ಬರೆದಾರು. ಪ್ರಬಂಧದ ಕೊನೆಯ ತೀರ್ಮಾನ ಇದಕ್ಕೆ ತದ್ವಿರುದ್ಧ: ಬೆರಳು ನೋಡಿ ಚಿಕಿತ್ಸೆ ಕೊಡುವ ಕ್ರಮ ಸಾವನ್ನು ಕಡಿಮೆ ಮಾಡಲಿಲ್ಲ ಎಂದೇ ಅಲ್ಲಿದೆ. ನನ್ನ ಪ್ರಕಾರ ಎರಡೂ ತಪ್ಪು, ಮತ್ತು ಎರಡಕ್ಕೂ ಕಾರಣ ಒಂದೇ. ವ್ಯತ್ಯಾಸವನ್ನು ಅಳೆದು ಹೇಳುವ ಬದಲು 0.05ರ ಗೆರೆಯ ಆಚೆಯೋ ಈಚೆಯೋ ಎಂದಷ್ಟೇ ನೋಡಿದ್ದಾರೆ.

ಹಾಗಾಗಿ ತಿದ್ದುವಾಗ ಮೊದಲು ಮಾಡುವ ಕೆಲಸ ಪಿ ಮೌಲ್ಯವನ್ನು ಬದಿಗಿಟ್ಟು, ವ್ಯತ್ಯಾಸವನ್ನು ರೋಗಿಗಳ ಲೆಕ್ಕಕ್ಕೆ ತರುವುದು. ಆರ್ ತಂತ್ರಾಂಶದಲ್ಲಿ ಒಂದೇ ಸಾಲು ಸಾಕು:

```
prop.test(c(74, 92), c(212, 212))
```

ವ್ಯತ್ಯಾಸ −8.5 ಶೇಕಡಾ ಅಂಶ, 95% ಅಂತರ −18.2ರಿಂದ +1.2. ಪ್ರಬಂಧದಲ್ಲಿ ಅಚ್ಚಾಗಿರುವ ಅಂತರವೂ ಇದೇ. ನೂರು ರೋಗಿಗಳ ಲೆಕ್ಕದಲ್ಲಿ ಹೇಳುವುದಾದರೆ ಎಂಟು-ಒಂಬತ್ತು ಸಾವು ಕಡಿಮೆ ಎಂಬುದು ಅಂದಾಜು; ಹದಿನೆಂಟು ಕಡಿಮೆ ಎಂಬುದರಿಂದ ಹಿಡಿದು ಒಂದು ಹೆಚ್ಚು ಎಂಬುದರವರೆಗೆ ಈ ದತ್ತಾಂಶಕ್ಕೆ ಹೊಂದುತ್ತದೆ.

ಇಲ್ಲೇ ಒಂದು ಸಂಗತಿ ಗಮನಿಸಿ. ಮೇಲಿನ ಆಜ್ಞೆ ಕೊಡುವ ಪಿ ಮೌಲ್ಯ 0.09. ಅದಕ್ಕೇ, ನಿರಂತರತೆಯ ತಿದ್ದುಪಡಿಯನ್ನು ಕೈಬಿಡುವ `correct = FALSE` ಸೇರಿಸಿದರೆ 0.07 ಆಗುತ್ತದೆ, ಅಂತರ −17.7ರಿಂದ +0.8. ರೋಗಿಗಳ ಆರಂಭದ ಸ್ಥಿತಿಯನ್ನು ಲೆಕ್ಕಕ್ಕೆ ತೆಗೆದುಕೊಂಡ ಪ್ರಬಂಧದ ಮುಖ್ಯ ಮಾದರಿಯಲ್ಲಿ 0.06. ಸತ್ತವರೂ ಬದುಕಿದವರೂ ಅವರೇ. "ಮಾರ್ಜಿನಲ್" ಎಂಬ ಪದವನ್ನು ನೆಚ್ಚಿಕೊಂಡವರು 0.06ಕ್ಕೆ ಬಳಸಿ 0.09ಕ್ಕೆ ಬಿಡಬೇಕೇ ಎಂದು ತಲೆ ಕೆಡಿಸಿಕೊಳ್ಳಬೇಕು. ಶೇಕಡಾ ಅಂಶದಲ್ಲಿ ನೋಡಿದರೆ ಅಂತರದ ತುದಿ ಅರ್ಧ ಅಂಶದಷ್ಟು ಜರುಗಿತು, ಅಷ್ಟೇ. ಅದನ್ನಾಧರಿಸಿ ಬರೆದ ವಾಕ್ಯ ಹೆಚ್ಚುಕಡಿಮೆ ಹಾಗೇ ನಿಲ್ಲುತ್ತದೆ. ಇಷ್ಟಾದರೂ ಮೂರರಲ್ಲಿ ಚೆನ್ನಾಗಿ ಕಂಡದ್ದನ್ನು ಆರಿಸಿಕೊಳ್ಳುವಂತಿಲ್ಲ. ಪ್ರಯೋಗ ಶುರುವಾಗುವ ಮೊದಲೇ ಯೋಜನೆಯಲ್ಲಿ ಯಾವ ವಿಶ್ಲೇಷಣೆ ಬರೆದಿತ್ತೋ ಅದೇ ಮುಖ್ಯ. ಉಳಿದವು ಅದರ ಪಕ್ಕದಲ್ಲಿ.

ಮುಂದಿನ ಕೆಲಸ ಅಂತರದ ಎರಡೂ ತುದಿಗಳನ್ನು ವೈದ್ಯರ ಕಣ್ಣಿನಿಂದ ಓದುವುದು. ನೂರಕ್ಕೆ ಹದಿನೆಂಟು ಸಾವು ತಪ್ಪುವುದೆಂದರೆ ಐಸಿಯುವಿನಲ್ಲಿ ಬಹು ದೊಡ್ಡ ಮಾತು. ನೂರಕ್ಕೆ ಒಂದು ಹೆಚ್ಚು ಎಂಬುದು ಸಣ್ಣದು, ಆದರೆ ಸಾವು ಸಾವೇ. ಯೋಜನೆಯನ್ನೂ ತೆರೆದು ನೋಡಬೇಕು. ಈ ಪ್ರಯೋಗದ ಗಾತ್ರವನ್ನು ನಿಗದಿ ಮಾಡಿದ್ದು ಮರಣ ಪ್ರಮಾಣ ಶೇ. 45ರಿಂದ 30ಕ್ಕೆ, ಅಂದರೆ ಹದಿನೈದು ಅಂಶ ಇಳಿಯುತ್ತದೆ ಎಂಬ ಊಹೆಯ ಮೇಲೆ. ಒಂದು ಚಿಕಿತ್ಸಾ ಕ್ರಮದಿಂದ ಅಷ್ಟು ನಿರೀಕ್ಷಿಸುವುದು ಬಲು ಆಶಾವಾದ. ಆದರೂ ಆ ಹದಿನೈದು ಕೂಡ ನಮ್ಮ ಅಂತರದ ಒಳಗೇ ಇದೆ. ತಾನು ಹುಡುಕುತ್ತಿದ್ದ ಪರಿಣಾಮವನ್ನೇ ತಳ್ಳಿಹಾಕಲು ಆಗದ ಪ್ರಯೋಗ "ಕಡಿಮೆ ಮಾಡಲಿಲ್ಲ" ಎಂದು ಹೇಗೆ ಹೇಳೀತು? ಹಾಗೆ ಹೇಳಬೇಕಾದರೆ ಅಂತರ ಇಡಿಯಾಗಿ ಸೊನ್ನೆಯ ಆಸುಪಾಸಿನಲ್ಲಿ, ಉದಾಹರಣೆಗೆ −1ರಿಂದ +1ರ ಒಳಗೆ, ಇರಬೇಕಿತ್ತು.

ಈಗ ವಾಕ್ಯ. ನಾನಾದರೆ ಹೀಗೆ ಬರೆಯುತ್ತೇನೆ:

"28 ದಿನಗಳೊಳಗೆ ಬೆರಳ ಪರೀಕ್ಷೆಯ ಗುಂಪಿನಲ್ಲಿ 212ರಲ್ಲಿ 74 ಜನ (ಶೇ. 34.9), ಲ್ಯಾಕ್ಟೇಟ್ ಗುಂಪಿನಲ್ಲಿ 212ರಲ್ಲಿ 92 ಜನ (ಶೇ. 43.4) ಮೃತಪಟ್ಟರು. ವ್ಯತ್ಯಾಸದ ಅಂದಾಜು −8.5 ಶೇಕಡಾ ಅಂಶ (95% ಅಂತರ −18.2ರಿಂದ 1.2), ಹಜಾರ್ಡ್ ಅನುಪಾತ 0.75 (0.55ರಿಂದ 1.02; p = 0.06). ಸಾವಿನಲ್ಲಿ ಗಣನೀಯ ಇಳಿಕೆಯಿಂದ ಹಿಡಿದು ಅತಿ ಸಣ್ಣ ಏರಿಕೆಯವರೆಗಿನ ಪರಿಣಾಮಗಳು ಈ ದತ್ತಾಂಶಕ್ಕೆ ಹೊಂದುತ್ತವೆ. ಬೆರಳ ಪರೀಕ್ಷೆಯಿಂದ ಸಾವು ಕಡಿಮೆಯಾಗುತ್ತದೆ ಎಂದು ಖಚಿತಪಡಿಸಲು ಈ ಪ್ರಯೋಗವೊಂದೇ ಸಾಲದು. ಕಡಿಮೆಯಾಗುವುದಿಲ್ಲ ಎನ್ನಲೂ ಇದರಲ್ಲಿ ಆಧಾರವಿಲ್ಲ."

ಪಿ ಮೌಲ್ಯವನ್ನು ಮುಚ್ಚಿಟ್ಟಿಲ್ಲ, ಆದರೆ ಅದಕ್ಕೆ ವಿಶೇಷಣ ಹಚ್ಚಿಲ್ಲ. ಅದು ಆವರಣದೊಳಗೆ ಒಂದು ಸಂಖ್ಯೆಯಾಗಿ ಇದೆ. ಎಣಿಕೆ ಮೊದಲು ಬಂದಿದೆ, ಏಕೆಂದರೆ ಬೇಕಾದವರು ಅದರಿಂದ ಉಳಿದ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ಮೂರನೇ ವಾಕ್ಯ ಅಂತರದ ಎರಡೂ ತುದಿಗಳನ್ನು ಹೇಳುತ್ತದೆ. ಹೆಚ್ಚಿನ ಕರಡುಗಳಲ್ಲಿ ಹಾಳಾಗುವುದು ಇದೇ ಜಾಗ: ಒಳ್ಳೆಯ ತುದಿಯನ್ನು ಮಾತಿನಲ್ಲಿ ಬಿಡಿಸಿ, ಕೆಟ್ಟ ತುದಿಯನ್ನು ಅಂಕಿಯಲ್ಲೇ ಬಿಟ್ಟಿರುತ್ತಾರೆ.

"ಟ್ರೆಂಡ್" ಪದವನ್ನು ಏಕೆ ಬಿಡಿಸುತ್ತೇವೆ ಎಂದು ಲೇಖಕರು ಕೇಳುವುದುಂಟು. ಆ ಪದದಲ್ಲಿ, ಇನ್ನಷ್ಟು ರೋಗಿಗಳು ಸೇರಿದ್ದರೆ ಪಿ ಮೌಲ್ಯ ಕೆಳಗಿಳಿಯುತ್ತಿತ್ತು ಎಂಬ ಸೂಚನೆ ಇದೆ. ಅದಕ್ಕೆ ಆಧಾರವಿಲ್ಲ. ನಿಜವಾದ ವ್ಯತ್ಯಾಸ ಸರಿಯಾಗಿ 8.5 ಅಂಶವೇ ಎಂದು ಒಪ್ಪಿಕೊಂಡು ಇದೇ ಗಾತ್ರದ ಪ್ರಯೋಗವನ್ನು ಮತ್ತೆ ಮಾಡಿದರೂ, ಪಿ 0.05ರ ಕೆಳಗೆ ಬರುವ ಸಂಭವ ಸುಮಾರು ಶೇ. 43 ಮಾತ್ರ. ನಿಜವಾದದ್ದು ಅದಕ್ಕಿಂತ ಸಣ್ಣದಿದ್ದರೆ ಇನ್ನೂ ಕಡಿಮೆ. ಒಮ್ಮೆ ಅಳೆದ ಸಂಖ್ಯೆಗೆ ದಿಕ್ಕು ಇರುವುದಿಲ್ಲ.

ಅಂತರವನ್ನು ಬರೆದ ಮೇಲೂ ಜಾರುವ ಜಾಗಗಳಿವೆ. "ಅಂತರ ಸೊನ್ನೆಯನ್ನು ಒಳಗೊಂಡಿದೆ, ಆದ್ದರಿಂದ ಪರಿಣಾಮವಿಲ್ಲ" ಎಂದು ಬರೆದರೆ ಪಿ ಮೌಲ್ಯವನ್ನೇ ಬೇರೆ ವೇಷದಲ್ಲಿ ಕರೆತಂದಂತೆ. ಅಂತರದೊಳಗಿನ ಬೆಲೆಗಳೆಲ್ಲ ಸರಿಸಮವೂ ಅಲ್ಲ. ನಡುವಿನ −8.5ರ ಸುತ್ತಲಿನವು ದತ್ತಾಂಶಕ್ಕೆ ಹೆಚ್ಚು ಹೊಂದುತ್ತವೆ, ತುದಿಗೆ ಹೋದಂತೆ ಹೊಂದಿಕೆ ಕಡಿಮೆ. ಹಾಗೆಂದು "ನಿಜವಾದ ಬೆಲೆ ಇದರೊಳಗಿರುವ ಸಂಭವ ಶೇ. 95" ಎಂದೂ ಬರೆಯುವಂತಿಲ್ಲ. 95 ಎಂಬುದು ಇಂಥ ಅಂತರ ಕಟ್ಟುವ ವಿಧಾನದ ಗುಣ. ಒಂದೇ ಅಂತರದ ಬಗ್ಗೆ ಸಂಭವದ ಮಾತಾಡಬೇಕಿದ್ದರೆ ಮೊದಲಿನ ನಂಬಿಕೆಯನ್ನು ಬರೆದಿಟ್ಟು ಬೇಸಿಯನ್ ವಿಶ್ಲೇಷಣೆ ಮಾಡಬೇಕು.

ಇಷ್ಟು ರೋಗಿಗಳಿಗೆ ಹೀಗೆ ಚಿಕಿತ್ಸೆ ಕೊಟ್ಟರೆ ಒಂದು ಸಾವು ತಪ್ಪುತ್ತದೆ ಎಂಬ ಲೆಕ್ಕವನ್ನೂ ಇಲ್ಲಿ ಕೊಡದಿರುವುದೇ ಒಳ್ಳೆಯದು. 8.5ರಿಂದ ನೂರನ್ನು ಭಾಗಿಸಿ "ಹನ್ನೆರಡು" ಎಂದು ಹಾಕಿದರೆ ನೋಡಲು ಅಚ್ಚುಕಟ್ಟು. ಆದರೆ ಅಂತರ ಸೊನ್ನೆ ದಾಟಿದಾಗ ಆ ಸಂಖ್ಯೆಯ ವ್ಯಾಪ್ತಿ ಐದೂವರೆಯಿಂದ ಶುರುವಾಗಿ ಅನಂತಕ್ಕೆ ಹೋಗಿ, ಆಚೆ ಕಡೆಯಿಂದ "83 ಜನರಲ್ಲಿ ಒಬ್ಬರಿಗೆ ಹಾನಿ" ಎಂದು ಮರಳುತ್ತದೆ. ಅದನ್ನು ಓದುವವರಿಗೆ ವಿವರಿಸುವುದಕ್ಕಿಂತ ಶೇಕಡಾ ಅಂಶದಲ್ಲಿ ನಿಲ್ಲುವುದು ಸುಲಭ.

ಅಂತರ ಹೇಳದ ಅನಿಶ್ಚಿತತೆಗೂ ಒಂದು ವಾಕ್ಯ ಬೇಕು. ಈ ಪ್ರಯೋಗದಲ್ಲಿ ಯಾವ ರೋಗಿ ಯಾವ ಗುಂಪಿನಲ್ಲಿದ್ದಾನೆ ಎಂಬುದು ಚಿಕಿತ್ಸೆ ಕೊಡುವವರಿಗೆ ಗೊತ್ತಿತ್ತು. ಬೆರಳು ಒತ್ತುವವರಿಂದ ಅದನ್ನು ಮರೆಮಾಡಲು ಬರುವುದೂ ಇಲ್ಲ. ಅರ್ಧ ಗಂಟೆಗೊಮ್ಮೆ ಹಾಸಿಗೆ ಬಳಿ ಹೋಗುವುದರಿಂದಲೇ ಬೇರೆ ಲಾಭವೂ ಆಗಿರಬಹುದು. −18.2 ಮತ್ತು 1.2 ಎಂಬ ತುದಿಗಳು ಆಕಸ್ಮಿಕ ಏರಿಳಿತವನ್ನಷ್ಟೇ ಅಳೆಯುತ್ತವೆ, ಇಂಥವನ್ನಲ್ಲ.

ಫಲಿತಾಂಶದ ಭಾಗವನ್ನು ಹೀಗೆ ತಿದ್ದಿದ ಮೇಲೆ ಸಾರಾಂಶ, ಚರ್ಚೆ, ಸ್ಲೈಡು, ಪತ್ರಿಕಾ ಟಿಪ್ಪಣಿ ಎಲ್ಲ ಕಡೆ ಟ್ರೆಂಡ್, ಬಾರ್ಡರ್‌ಲೈನ್, ಮಾರ್ಜಿನಲ್ ಎಂಬ ಪದಗಳನ್ನು ಹುಡುಕಿ ತೆಗೆಯಬೇಕು. ಒಳಗೆ ಅಂತರ ಕೊಟ್ಟು ಸಾರಾಂಶದಲ್ಲಿ ಹಳೆಯ ವಾಕ್ಯವೇ ಉಳಿದರೆ ಓದುವವರು ನೆನಪಿಟ್ಟುಕೊಳ್ಳುವುದು ಹಳೆಯದನ್ನೇ.

ಅದೇ ಕೈಯಲ್ಲಿ ಗೆರೆಯ ಈಚೆ ಬಿದ್ದ ಫಲಿತಾಂಶಗಳನ್ನೂ ಪರೀಕ್ಷಿಸಬೇಕು. ಇದೇ ಪ್ರಯೋಗದಲ್ಲಿ 72 ಗಂಟೆಯ ಅಂಗ ವೈಫಲ್ಯದ ಸೋಫಾ ಅಂಕ ಬೆರಳ ಪರೀಕ್ಷೆಯ ಗುಂಪಿನಲ್ಲಿ 5.6, ಇನ್ನೊಂದರಲ್ಲಿ 6.6, ವ್ಯತ್ಯಾಸ −1.00, ಅಂತರ −1.97ರಿಂದ −0.02, ಪಿ ಮೌಲ್ಯ 0.045. ಇದು ಹಲವು ದ್ವಿತೀಯ ಫಲಿತಾಂಶಗಳಲ್ಲಿ ಒಂದು. ಇದನ್ನು "ಸಿಗ್ನಿಫಿಕೆಂಟ್" ಎಂದು ಧೈರ್ಯವಾಗಿ ಬರೆದು, 0.06 ಬಂದ ಸಾವಿನ ವ್ಯತ್ಯಾಸವನ್ನು "ಇಲ್ಲ" ಎಂದು ಬರೆಯುವುದು ಯಾವ ನ್ಯಾಯ? ಸೋಫಾ ಅಂತರದ ಒಂದು ತುದಿ ಹಾಸಿಗೆ ಬಳಿ ಯಾರಿಗೂ ಗೊತ್ತಾಗದಷ್ಟು ಸಣ್ಣದು. ಹಾಗಾಗಿ ಅಲ್ಲಿಯೂ ಬರೆಯಬೇಕಾದ್ದು ಇಷ್ಟೇ: ಸರಾಸರಿ ಒಂದು ಅಂಕ ಕಡಿಮೆ ಎಂಬುದು ಅಂದಾಜು, ಎರಡು ಅಂಕದ ಇಳಿಕೆಯಿಂದ ಹಿಡಿದು ಇಳಿಕೆ ಇಲ್ಲವೆನ್ನುವಷ್ಟು ಅಲ್ಪದವರೆಗೆ ದತ್ತಾಂಶಕ್ಕೆ ಹೊಂದುತ್ತದೆ, ಹಲವು ಹೋಲಿಕೆಗಳಿಗಾಗಿ ಸರಿಪಡಿಸಿದ ಅಂತರ ಇದಲ್ಲ.