ಬ್ಯಾಂಕ್ ಖಾತೆ ಬದಲಾಗಿದೆ ಎಂದು ವಿದೇಶದ ಬೈಯರ್‌ಗೆ ತಿಳಿಸುವ ಮೇಲ್

"ಸಾರ್, ನಮ್ಮ ಅಕೌಂಟ್ ಬೇರೆ ಬ್ಯಾಂಕಿಗೆ ಹೋಯ್ತು. ಫಾರಿನ್ ಪಾರ್ಟಿಗೆ ಹೊಸ ನಂಬರ್ ಹಾಕಿ ಒಂದು ಮೇಲ್ ಬರೆದುಕೊಡಿ. ಅವರಿಗೆ ಅನುಮಾನ ಬರದ ಹಾಗೆ ಇರಲಿ."

ಅನುಮಾನ ಬರಲೇಬೇಕು. ನಿಮ್ಮ ಮೇಲ್ ಓದಿದ ತಕ್ಷಣ ಬೈಯರ್ ಕಡೆಯ ಅಕೌಂಟ್ಸ್‌ನವರು ಮರುಮಾತಿಲ್ಲದೆ ನಂಬರ್ ಬದಲಿಸಿಕೊಂಡರೆ, ನಾಳೆ ಕಳ್ಳ ಕಳಿಸುವ ಮೇಲ್‌ಗೂ ಅವರು ಅಷ್ಟೇ ಸಲೀಸಾಗಿ ಬದಲಿಸಿಕೊಳ್ಳುತ್ತಾರೆ. ಹಾಗಾಗಿ ಎಕ್ಸ್‌ಪೋರ್ಟ್ ಕಾಗದಪತ್ರ ಮಾಡಿಕೊಡುವ ನಾನು ಬರೆದುಕೊಡುವ ಮೇಲ್‌ನಲ್ಲಿ ಹೊಸ ಖಾತೆ ನಂಬರೇ ಇರುವುದಿಲ್ಲ.

ಕಳ್ಳತನ ನಡೆಯುವ ಬಗೆ ನೋಡಿದರೆ ಕಾರಣ ಗೊತ್ತಾಗುತ್ತದೆ. ತುಮಕೂರು ಕಡೆಯಿಂದ ಮಿಡಿಸೌತೆ ಕಳಿಸುವ ಒಬ್ಬರು, ಬೆಲ್ಜಿಯಂನ ಒಬ್ಬ ಬೈಯರ್ ಎಂದಿಟ್ಟುಕೊಳ್ಳಿ. ಇಬ್ಬರಲ್ಲಿ ಯಾರದ್ದಾದರೂ ಒಂದು ಮೇಲ್‌ಬಾಕ್ಸ್‌ನ ಪಾಸ್‌ವರ್ಡ್ ಕಳ್ಳನಿಗೆ ಸಿಕ್ಕಿರುತ್ತದೆ. ಅವನು ಅವಸರ ಮಾಡುವುದಿಲ್ಲ. ವಾರಗಟ್ಟಲೆ ಓದುತ್ತಾ ಕೂರುತ್ತಾನೆ. ಇನ್‌ವಾಯ್ಸ್ ನಂಬರ್, ಕಂಟೇನರ್ ನಂಬರ್, ದುಡ್ಡು ಬರಬೇಕಾದ ದಿನ, ನೀವು ಮೇಲ್ ಮುಗಿಸುವ ಶೈಲಿ, ಎಲ್ಲವೂ ಅವನಿಗೆ ಬಾಯಿಪಾಠ. ಹಡಗು ಆಂಟ್‌ವರ್ಪ್ ಮುಟ್ಟಿ ಪಾವತಿಯ ದಿನ ಹತ್ತಿರವಾದಾಗ ಅದೇ ಹಳೆಯ ಮಾತುಕತೆಯ ಕೆಳಗೇ ಒಂದು ಮೇಲ್ ಬೀಳುತ್ತದೆ: ನಮ್ಮ ಖಾತೆ ಆಡಿಟ್‌ನಲ್ಲಿದೆ, ಈ ಸಲ ದಯವಿಟ್ಟು ಈ ಖಾತೆಗೆ ಹಾಕಿ. ವಿಳಾಸದಲ್ಲಿ ಒಂದಕ್ಷರ ಮಾತ್ರ ಬೇರೆ, m ಇರಬೇಕಾದ ಕಡೆ rn. ಕೆಲವೊಮ್ಮೆ ಅದೂ ಇರುವುದಿಲ್ಲ, ನಿಮ್ಮ ನಿಜವಾದ ಮೇಲ್‌ಬಾಕ್ಸ್‌ನಿಂದಲೇ ಹೊರಟಿರುತ್ತದೆ. ಬೈಯರ್ "ಇದು ನಿಜವೇ?" ಎಂದು ಮರುಮೇಲ್ ಹಾಕಿದರೆ "ಹೌದು" ಎಂದು ಉತ್ತರಿಸುವವನೂ ಅವನೇ.

ಅಂದರೆ ಮೇಲ್‌ಗೆ ಮೇಲ್ ಸಾಕ್ಷಿಯಲ್ಲ. ಬ್ಯಾಂಕಿನ ಲೆಟರ್‌ಹೆಡ್, ಸೀಲು, ಸಹಿ ಇರುವ ಪಿಡಿಎಫ್ ಕೂಡ ಅಷ್ಟೇ. ನಿಮ್ಮ ಹಳೆಯ ಕಾಗದಗಳನ್ನೆಲ್ಲ ಓದಿದವನಿಗೆ ಅಂಥದ್ದೊಂದು ತಯಾರಿಸುವುದು ಅರ್ಧ ಗಂಟೆಯ ಕೆಲಸ.

ಬರೆಯುವ ಮುಂಚೆ ಒಂದು ವಿಷಯ ತೀರ್ಮಾನಿಸಿಕೊಳ್ಳಿ: ಹೊಸ ಖಾತೆ ಯಾವ ಇನ್‌ವಾಯ್ಸ್‌ನಿಂದ ಶುರು? ಈಗಾಗಲೇ ಸಮುದ್ರದ ಮೇಲಿರುವ ಮಾಲಿನ ದುಡ್ಡು ಹಳೆ ಖಾತೆಗೇ ಬರಲಿ ಎನ್ನುತ್ತೇನೆ ನಾನು. ಆ ಮಾಲಿಗಾಗಿ ಕಸ್ಟಮ್ಸ್‌ಗೆ ಕೊಟ್ಟ ಶಿಪ್ಪಿಂಗ್ ಬಿಲ್‌ಗಳು ಹಳೆ ಬ್ಯಾಂಕಿನ ಶಾಖೆಯನ್ನು ಗುರುತಿಸುವ ಎಡಿ ಕೋಡ್ ಮೇಲೆ ಹೋಗಿರುತ್ತವೆ. ದುಡ್ಡು ಬೇರೆ ಬ್ಯಾಂಕಿಗೆ ಬಂದರೆ, ರಫ್ತಿನ ಹಣ ಬಂತೇ ಎಂದು ಲೆಕ್ಕವಿಡುವ ರಿಸರ್ವ್ ಬ್ಯಾಂಕಿನ ಇಡಿಪಿಎಂಎಸ್‌ನಲ್ಲಿ ಅವನ್ನು ಹೊಂದಿಸಲು ಎರಡೂ ಬ್ಯಾಂಕುಗಳ ಮಧ್ಯೆ ಓಡಾಡಬೇಕು. ಇನ್ನೂ ದೊಡ್ಡ ಲಾಭ ಬೇರೆ ಇದೆ. ಬಾಕಿ ಇರುವ ಇನ್‌ವಾಯ್ಸ್‌ಗೆ ಬದಲಾವಣೆ ಅನ್ವಯಿಸುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟರೆ, "ಈ ಬಾಕಿಯನ್ನು ಹೊಸ ಖಾತೆಗೆ ಹಾಕಿ" ಎಂದು ಬರುವ ಯಾವ ಮೇಲ್ ಆದರೂ ಸುಳ್ಳು ಎಂದು ಬೈಯರ್‌ಗೆ ತಾನಾಗಿ ತಿಳಿಯುತ್ತದೆ. ಹಾಗಾಗಿ ಹಳೆ ಖಾತೆಯನ್ನು ಅವಸರದಲ್ಲಿ ಮುಚ್ಚಬೇಡಿ.

ನನ್ನ ಮೇಲ್‌ನ ಒಕ್ಕಣೆ ಹೀಗಿರುತ್ತದೆ, ಇಂಗ್ಲಿಷಿನಲ್ಲೂ ಇಷ್ಟೇ ಸರಳವಾಗಿರಲಿ:

> ವಿಷಯ: ಬ್ಯಾಂಕ್ ಖಾತೆ ಬದಲಾವಣೆಯ ಮುನ್ಸೂಚನೆ. ಈ ಮೇಲ್ ಆಧರಿಸಿ ಪಾವತಿ ಮಾಡಬೇಡಿ
>
> ನಮಸ್ಕಾರ. ಇನ್‌ವಾಯ್ಸ್ 118 ರಿಂದ ಮುಂದಕ್ಕೆ ನಮ್ಮ ಹಣ ಬೇರೆ ಬ್ಯಾಂಕಿಗೆ ಬರಲಿದೆ. 117 ರವರೆಗಿನ ಎಲ್ಲ ಬಾಕಿಯೂ ಮೊದಲಿನ ಖಾತೆಗೇ.
>
> ಹೊಸ ವಿವರವನ್ನು ಇಲ್ಲಿ ಬರೆದಿಲ್ಲ. ನಮ್ಮ ಒಪ್ಪಂದದ ಪ್ರತಿಯಲ್ಲಿರುವ ಫೋನ್ ನಂಬರಿಗೆ ನೀವೇ ಕರೆ ಮಾಡಿ, ನಿಮಗೆ ಪರಿಚಯವಿರುವವರ ಹತ್ತಿರವೇ ಮಾತಾಡಿ. ವಿವರದ ಪತ್ರ ಆಮೇಲೆ ಬರುತ್ತದೆ. ಅದನ್ನು ಫೋನಿನಲ್ಲಿ ಓದಿ ತಾಳೆ ನೋಡುವವರೆಗೆ ನಿಮ್ಮ ದಾಖಲೆ ಬದಲಿಸಬೇಡಿ.
>
> ಖಾತೆ ನಮ್ಮ ಕಂಪನಿಯ ಹೆಸರಿನಲ್ಲಿ, ಭಾರತದಲ್ಲೇ ಇರುತ್ತದೆ. ಬೇರೆ ದೇಶದ, ಬೇರೆ ಹೆಸರಿನ ಖಾತೆ ಬಂದರೆ ಅದು ನಮ್ಮದಲ್ಲ.

ಫೋನ್ ನಂಬರನ್ನು ಮೇಲ್‌ನಲ್ಲಿ ಕೊಟ್ಟಿಲ್ಲ, ಗಮನಿಸಿ. ಕೊಟ್ಟರೆ ಕೆಲಸ ಕೆಟ್ಟಿತು. ಕಳ್ಳನ ಮೇಲ್‌ನಲ್ಲೂ ಒಂದು ನಂಬರ್ ಇರುತ್ತದೆ, ಅದನ್ನು ಎತ್ತಿ ನಯವಾಗಿ ಮಾತಾಡುವವರೂ ಇರುತ್ತಾರೆ. ಬೈಯರ್ ಹತ್ತಿರ ಮೊದಲಿನಿಂದ ಇರುವ ನಂಬರೇ ಆಗಬೇಕು, ಕರೆ ಅವರ ಕಡೆಯಿಂದಲೇ ಹೋಗಬೇಕು.

ಮೇಲ್ ಕಳಿಸುವ ಸಮಯವೂ ಮುಖ್ಯ. ಪಾವತಿ ಬಾಕಿ ನೆನಪಿಸುವ ಮೇಲ್ ಜೊತೆ ಇದನ್ನು ಸೇರಿಸಬೇಡಿ. ಕಳ್ಳ ಬರುವುದೂ ಅದೇ ಹೊತ್ತಿಗೆ. ಆರ್ಡರ್ ಮಾತುಕತೆ ನಡೆಯುವಾಗ, ಯಾರಿಗೂ ಅವಸರವಿಲ್ಲದಾಗ ಕಳಿಸಿ.

ಫೋನಿನಲ್ಲಿ ಪತ್ರವನ್ನು ನೀವು ಪೂರ್ತಿ ಓದಿ ಅವರು "ಸರಿ, ಸರಿ" ಎನ್ನುವುದಲ್ಲ. ಖಾತೆ ನಂಬರನ್ನು ಅವರು ತಮ್ಮ ಕೈಯಲ್ಲಿರುವ ಪ್ರತಿಯಿಂದ ಓದಲಿ, ನೀವು ಪಾಸ್‌ಬುಕ್ ಹಿಡಿದು ಕೇಳಿ. ದಾರಿಯಲ್ಲಿ ಯಾರಾದರೂ ಪಿಡಿಎಫ್ ತಿದ್ದಿದ್ದರೆ ಆಗಲೇ ಸಿಕ್ಕಿಬೀಳುತ್ತದೆ. ಸ್ವಿಫ್ಟ್ ಕೋಡ್‌ನ ಐದು ಮತ್ತು ಆರನೇ ಅಕ್ಷರ ದೇಶದ್ದು. ಭಾರತದ ಬ್ಯಾಂಕಾದರೆ ಅಲ್ಲಿ IN ಇರಬೇಕು. ಇದನ್ನೂ ಬೈಯರ್‌ಗೆ ಹೇಳಿಡಿ. ಖಾತೆ ಯಾರ ಹೆಸರಿನಲ್ಲಿದೆ ಎಂಬುದನ್ನು ಹಣ ಹೋಗಿ ಮುಟ್ಟುವ ಬ್ಯಾಂಕ್ ನೋಡಿಯೇ ನೋಡುತ್ತದೆ ಎಂದು ನಂಬಿ ಕೂರುವಂತಿಲ್ಲ.

ಆಮೇಲೆ ಪರೀಕ್ಷೆಗೆ ಸಣ್ಣ ಮೊತ್ತ, 50 ಯೂರೋ ಸಾಕು. ಇಲ್ಲಿ ಬಹಳ ಜನ ಎಡವುತ್ತಾರೆ. ದುಡ್ಡು ಹೋಯಿತು, "ಬಂದಿದೆ, ಧನ್ಯವಾದ" ಎಂದು ಮೇಲ್ ಬಂತು, ಇನ್ನು ದೊಡ್ಡದು ಕಳಿಸೋಣ ಎನ್ನುತ್ತಾರೆ. ಆ ಧನ್ಯವಾದವನ್ನು ಕಳ್ಳನೂ ಹೇಳಬಲ್ಲ, ದುಡ್ಡು ಅವನಿಗೇ ಮುಟ್ಟಿದೆಯಲ್ಲ! ಹಾಗಾಗಿ ಬೈಯರ್ ಪಾವತಿಯ ವಿವರದ ಜಾಗದಲ್ಲಿ ತನಗೆ ತೋಚಿದ ಒಂದು ಪದ ಬರೆಯಲಿ, ಅದನ್ನು ನಿಮಗೆ ಹೇಳದಿರಲಿ. ನೀವು ನಿಮ್ಮ ಬ್ಯಾಂಕಿನ ಫಾರೆಕ್ಸ್ ವಿಭಾಗದಲ್ಲಿ ಬಂದ ಹಣದ ವಿವರ ಕೇಳಿ ಪಡೆದು, ಬೈಯರ್ ಮತ್ತೆ ಅದೇ ಹಳೆಯ ನಂಬರಿಗೆ ಕರೆ ಮಾಡಿದಾಗ ಆ ಪದ ಹೇಳಬೇಕು. ಮೊತ್ತವನ್ನು ಗುರುತಾಗಿ ಇಟ್ಟುಕೊಂಡರೆ ಆಗುವುದಿಲ್ಲ. ನಡುವಿನ ಬ್ಯಾಂಕುಗಳು ಶುಲ್ಕ ಮುರಿದುಕೊಂಡು 50 ಯೂರೋ ಕಡಿಮೆಯಾಗಿಯೇ ಬರಬಹುದು.

ಇಷ್ಟೆಲ್ಲ ಮಾಡಿಸಿದರೆ ಪಾರ್ಟಿ ಬೇಸರಪಟ್ಟುಕೊಳ್ಳುತ್ತದೆ ಎಂಬ ಭಯ ಹಲವರಿಗೆ. ದೊಡ್ಡ ಕಂಪನಿಗಳಲ್ಲಿ ಇಂಥ ತಪಾಸಣೆ ಅವರ ನಿಯಮವೇ ಆಗಿರುತ್ತದೆ. ಸಣ್ಣವರು ಗೊಣಗಬಹುದು, ಗೊಣಗಲಿ. ನಮ್ಮಲ್ಲೇ 2020 ರ ಏಪ್ರಿಲ್ 1 ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಕೋಡ್ ಬದಲಾಗಿದೆ ಎಂದು ಬರೆದ ನಿಜವಾದ ಮೇಲ್‌ಗಳು ಆಮೇಲೆ ಎಷ್ಟು ಹೋಗಿರಬೇಕು! ನಿಜವಾದ ಕಾರಣ ಇರುವುದರಿಂದಲೇ ಸುಳ್ಳು ಮೇಲ್ ನಂಬುವಂತೆ ಕಾಣುತ್ತದೆ.

ಒಂದು ತೊಡಕಿದೆ. ಈಗ ಕೆಲವರು ಪಾವತಿ ಸೇವೆಗಳ ಮೂಲಕ ವಿದೇಶದಲ್ಲೇ ಖಾತೆ ನಂಬರ್ ಪಡೆದು ಅಲ್ಲಿ ಹಣ ತೆಗೆದುಕೊಳ್ಳುತ್ತಾರೆ. ಅಂಥ ಖಾತೆ ಬೇರೆ ದೇಶದ್ದು, ಕೆಲವೊಮ್ಮೆ ಹೆಸರೂ ನಿಮ್ಮದಲ್ಲ. ಅಂದರೆ ನೋಡಲು ಥೇಟ್ ವಂಚನೆಯಂತೆಯೇ ಇರುತ್ತದೆ. ನೀವು ಆ ದಾರಿ ಹಿಡಿದಿದ್ದರೆ ನನ್ನ ಒಕ್ಕಣೆಯ ಕೊನೆಯ ಪ್ಯಾರಾ ತೆಗೆದುಹಾಕಿ, ದೇಶ ಮತ್ತು ಹೆಸರು ಯಾಕೆ ಬೇರೆ ಎಂಬುದನ್ನು ಮೊದಲ ಕರೆಯಲ್ಲೇ ಬಿಡಿಸಿ ಹೇಳಿ.

ಇನ್ನು ನಿಮ್ಮ ಮನೆ ಬಾಗಿಲು. ಮೇಲ್ ಕಳಿಸುವ ಮುನ್ನ ಜಿಮೇಲ್‌ನಲ್ಲಾದರೆ ಸೆಟಿಂಗ್ಸ್ ತೆರೆದು `Forwarding and POP/IMAP` ಮತ್ತು `Filters and Blocked Addresses` ಎರಡನ್ನೂ ನೋಡಿ. ನೀವು ಹಾಕದ ವಿಳಾಸಕ್ಕೆ ಪ್ರತಿ ಹೋಗುತ್ತಿದ್ದರೆ, ಅಥವಾ ಬೈಯರ್ ಹೆಸರಿನ ಮೇಲ್‌ಗಳು ಇನ್‌ಬಾಕ್ಸ್‌ಗೆ ಬಾರದೆ ಬೇರೆಲ್ಲೋ ಸರಿಯುತ್ತಿದ್ದರೆ ಒಳಗೆ ಯಾರೋ ಕೂತಿದ್ದಾರೆ. ಆಗ ಖಾತೆ ಬದಲಾವಣೆಯ ಮಾತೇ ಬೇಡ. ಬೇರೆ ಕಂಪ್ಯೂಟರಿನಿಂದ ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ಲಾಗಿನ್ ಹಾಕಿ, ಬೈಯರ್‌ಗೆ ಫೋನ್ ಮಾಡಿ.

ದುಡ್ಡು ತಪ್ಪು ಕಡೆ ಹೋಗಿಯೇಬಿಟ್ಟಿತು ಎಂದು ತಿಳಿದರೆ ಮೊದಲು ಓಡಬೇಕಾದ್ದು ಬೈಯರ್, ತನ್ನ ಬ್ಯಾಂಕಿಗೆ, ಅದೇ ಗಂಟೆಯಲ್ಲಿ. ಹಣ ಹಿಂದಕ್ಕೆ ಕರೆಸುವ ಕೋರಿಕೆಯನ್ನು ಸ್ವಿಫ್ಟ್ ಮೂಲಕ ಕಳಿಸಬೇಕಾದ್ದು ಕಳಿಸಿದ ಬ್ಯಾಂಕೇ. ಆ ಖಾತೆಯಿಂದ ಹಣ ಮುಂದಕ್ಕೆ ಜಾರಿದರೆ ವಾಪಸ್ ಸಿಗುವುದು ಕಷ್ಟ. ನೀವು ಇಲ್ಲಿ 1930 ಕ್ಕೆ ಕರೆ ಮಾಡಿ, cybercrime.gov.in ನಲ್ಲಿ ದೂರು ದಾಖಲಿಸಿ. ಕಳ್ಳನ ಮೇಲ್ ಡಿಲೀಟ್ ಮಾಡಬೇಡಿ, ಫಾರ್ವರ್ಡ್ ಮಾಡಿದರೂ ಸಾಲದು. ಜಿಮೇಲ್‌ನ `Show original` ತೆರೆದು ಆ ಪೂರ್ತಿ ಪ್ರತಿಯನ್ನು ಇಳಿಸಿಟ್ಟುಕೊಳ್ಳಿ. ಮೇಲ್ ಯಾವ ಸರ್ವರ್‌ನಿಂದ ಹೊರಟಿತು ಎಂಬುದು ಅದರಲ್ಲಿರುತ್ತದೆ, ಮತ್ತು ತಪ್ಪು ಯಾರ ಮೇಲ್‌ಬಾಕ್ಸ್‌ನದು ಎಂದು ನೀವೂ ಬೈಯರೂ ವಾದಕ್ಕೆ ಕೂತಾಗ ಮೊದಲು ಕೇಳುವುದೂ ಅದನ್ನೇ.