ಏಳು ದಿನ, ಏಳು ಜಪಾನಿ ವಂದನೆಗಳು: ಅಭ್ಯಾಸದ ದಿನಚರಿ

ಬಿಡದಿಯ ಬಿಡಿಭಾಗ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿ ನನ್ನ ಕೆಲಸ. ಮುಂದಿನ ಸೋಮವಾರ ಜಪಾನಿನಿಂದ ಇಬ್ಬರು ಎಂಜಿನಿಯರ್‌ಗಳು ಬರುತ್ತಾರೆ. ಅಷ್ಟರೊಳಗೆ ಅವರನ್ನು ಅವರ ಭಾಷೆಯಲ್ಲೇ ಎದುರುಗೊಳ್ಳುವಷ್ಟು ಕಲಿಯಬೇಕು ಎಂದು ಹಟ ಹಿಡಿದೆ.

ಸೋಮವಾರ

ಮೊಬೈಲಿನಲ್ಲಿ ಸಿಕ್ಕ ಹದಿನಾಲ್ಕು ವಂದನೆಗಳನ್ನು ಬರೆದುಕೊಂಡೆ. ಎರಡು ವರ್ಷ ಜಪಾನಿನ ನಗೋಯಾದಲ್ಲಿದ್ದು ಬಂದ ಹಿರಿಯ ಸಹೋದ್ಯೋಗಿಗೆ ಸಂಜೆ ಪಟ್ಟಿ ತೋರಿಸಿದರೆ ಅವರು ಪೆನ್ನು ತೆಗೆದುಕೊಂಡು ಅರ್ಧ ಹೊಡೆದುಹಾಕಿದರು. ಮೊದಲು ಹೋದದ್ದು ‘ಸಯೋನರ’. ನನಗೆ ಆಶ್ಚರ್ಯವಾಯಿತು, ಅದೊಂದೇ ನನಗೆ ಮೊದಲೇ ಗೊತ್ತಿದ್ದ ಮಾತು. “ದಿನಾ ಸಂಜೆ ಅದನ್ನು ಹೇಳಿದರೆ, ಇವರೇನು ಕೆಲಸ ಬಿಟ್ಟು ಹೋಗುತ್ತಿದ್ದಾರೆಯೇ ಎಂದುಕೊಳ್ಳುತ್ತಾರಮ್ಮ” ಎಂದರು. ಬಹಳ ದಿನ ಕಾಣದೆ ಹೋಗುವವರ ಬೀಳ್ಕೊಡುಗೆಯ ಧಾಟಿ ಅದಕ್ಕಿದೆಯಂತೆ. ‘ಹೇಗಿದ್ದೀರಿ’ ಎಂಬರ್ಥದ ‘ಒಗೆಂಕಿ ದೆಸ್ ಕ’ ಕೂಡ ಹೋಯಿತು. ಅದು ಬಹುಕಾಲದ ಮೇಲೆ ಸಿಕ್ಕವರನ್ನು ಕೇಳುವ ಪ್ರಶ್ನೆ, ದಿನಾ ಬೆಳಿಗ್ಗೆ ಕೇಳುವುದಲ್ಲ.

ಉಳಿದದ್ದು ಏಳು: ಬೆಳಗಿನ ವಂದನೆ, ಹಗಲಿನ ವಂದನೆ, ಮೊದಲ ಭೇಟಿಯ ಮಾತು, ಅದರ ಬೆನ್ನಿಗೇ ಬರುವ ‘ನಿಮ್ಮ ಸಹಕಾರವಿರಲಿ’ ಎಂಬ ಮಾತು, ಧನ್ಯವಾದ, ಜೊತೆಗೆ ಕೆಲಸ ಮಾಡುವವರಿಗೆ ಹೇಳುವ ‘ದಣಿದಿದ್ದೀರಿ’, ಹೊರಡುವಾಗಿನ ‘ಅಪ್ಪಣೆ’.

ಮಂಗಳವಾರ

ಇಡೀ ವಾರದಲ್ಲಿ ನನಗೆ ಸಿಕ್ಕ ದೊಡ್ಡ ಬೆಳಕು ಇವತ್ತಿನದು. ಇಂಗ್ಲಿಷ್ ಅಕ್ಷರಗಳಲ್ಲಿದ್ದ ಬೆಳಗಿನ ವಂದನೆ `Ohayou gozaimasu` ನೋಡಿ ನಾನು ‘ಓಹಾಯೊ ಗೋಜಾಯಿಮಾಸು’ ಎಂದು ಬರೆದುಕೊಂಡಿದ್ದೆ. ಜಪಾನಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ವರ್ಲ್ಡ್‌ನ ಉಚಿತ ಪಾಠದ ಧ್ವನಿಯನ್ನು ಕಣ್ಣು ಮುಚ್ಚಿ ಹತ್ತು ಸಲ ಕೇಳಿ ಮತ್ತೆ ಬರೆದೆ: ‘ಒಹಯೋ ಗೊಜ಼ಯ್‌ಮಸ್’. ಮೊದಲ ಬರಹದಲ್ಲಿ ಹ್ರಸ್ವ ಇರಬೇಕಾದಲ್ಲೆಲ್ಲ ದೀರ್ಘ, ದೀರ್ಘ ಇರಬೇಕಾದ ಒಂದೇ ಕಡೆ ಹ್ರಸ್ವ! ಕೊನೆಯ ‘ಸು’ವಿನಲ್ಲಿ ಉಕಾರ ಕೇಳಿಸುವುದೇ ಇಲ್ಲ ಎನ್ನಬಹುದು.

ಜಪಾನಿಯಲ್ಲಿ ಹ್ರಸ್ವ ದೀರ್ಘ ತಪ್ಪಿದರೆ ಅರ್ಥವೇ ತಪ್ಪುತ್ತದೆ. ‘ಒಬಸನ್’ ಎಂದರೆ ಅತ್ತೆ ಅಥವಾ ಚಿಕ್ಕಮ್ಮ, ‘ಒಬಾಸನ್’ ಎಂದರೆ ಅಜ್ಜಿ. ನಮ್ಮ ಲಿಪಿಯಲ್ಲಿ ಎ-ಏ, ಒ-ಓ ಬೇರೆ ಬೇರೆ ಇರುವುದರಿಂದ ಇದನ್ನು ಕನ್ನಡದಲ್ಲಿ ಬರೆದುಕೊಂಡರೆ ಅರ್ಧ ಕೆಲಸ ಮುಗಿದಂತೆ. ಇಂಗ್ಲಿಷ್ ಅಕ್ಷರದ ಇನ್ನೊಂದು ಮೋಸ ‘ಟ’. ಜಪಾನಿನ ತಕಾರ ಹಲ್ಲಿಗೆ ತಾಗುವ ನಮ್ಮ ‘ತ’ವೇ, ಧನ್ಯವಾದದ ಮಾತು ಅರಿಗಟೋ ಅಲ್ಲ, ಅರಿಗತೋ. ಬಿಡದಿಯಲ್ಲಿ ನಾವು ದಿನಾ ಹೇಳುವ ‘ಟೊಯೋಟಾ’ ಅವರ ಬಾಯಲ್ಲಿ ಪುಟ್ಟದಾದ ‘ತೊಯೊತ’.

ರಾತ್ರಿ ಇನ್ನೊಂದು ಹೊಳೆಯಿತು. ಜಪಾನಿಯರು ಮಾತನ್ನು ತಾಳದ ಎಣಿಕೆಯಲ್ಲಿ ಆಡುತ್ತಾರೆ, ಒಂದೊಂದು ಎಣಿಕೆಗೂ ಒಂದೇ ಕಾಲ. ಇದು ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕುವಾಗ ಬಡಿದಾಡಿದ ಮಾತ್ರೆಯೇ ಅಲ್ಲವೇ! ಹಗಲಿನ ವಂದನೆ ‘ಕೊನ್ನಿಚಿವ’ಕ್ಕೆ ಹಾಕಿ ನೋಡಿದೆ. ಕೊನ್ ಗುರು, ಎರಡು. ನಿ, ಚಿ, ವ ಲಘು, ಮೂರು. ಒಟ್ಟು ಐದು. ಜಪಾನಿಯರ ಲೆಕ್ಕವೂ ಐದೇ: ಕೊ, ನ್, ನಿ, ಚಿ, ವ. ಮೊದಲ ಭೇಟಿಯ ‘ಹಜಿಮೆಮಶ್ತೆ’ಯಲ್ಲಿ ‘ಶಿ’ಯ ಇಕಾರ ನುಂಗಿಹೋಗುತ್ತದೆ, ಆದರೆ ಅದರ ಕಾಲ ಉಳಿಯುತ್ತದೆ. ನಮ್ಮ ಪ್ರಸ್ತಾರದಲ್ಲೂ ‘ಮಶ್’ ಗುರುವಾಗಿ ಆರು ಮಾತ್ರೆ ಸರಿಹೊಂದುತ್ತದೆ. ಮೇಜಿನ ಮೇಲೆ ಬೆರಳು ಬಡಿಯುತ್ತ ಹೇಳಿದೆ. ಮೊಬೈಲಿನಲ್ಲಿ ನನ್ನ ದನಿಯನ್ನು ಮುದ್ರಿಸಿ ಮೂಲದ ಪಕ್ಕದಲ್ಲಿ ಕೇಳಿದರೆ ಎಲ್ಲಿ ಎಳೆದಿದ್ದೇನೆ ಎಂಬುದು ತಕ್ಷಣ ಗೊತ್ತಾಗುತ್ತದೆ.

ಬುಧವಾರ

ಸೂತ್ರ ಒಂದು ಕಡೆ ಕೈಕೊಟ್ಟಿತು. ‘ದಣಿದಿದ್ದೀರಿ’ ಎಂಬ ‘ಒತ್ಸುಕರೆಸಮ ದೆಸ್’ನಲ್ಲಿ ‘ತ್ಸು’ ನಮಗೆ ಒತ್ತಕ್ಷರ, ಹಾಗಾಗಿ ಹಿಂದಿನ ‘ಒ’ ಗುರುವಾಗಿಬಿಡುತ್ತದೆ. ಅವರಿಗೆ ಅದು ಒಂದೇ ಅಕ್ಷರ, ಒಂದೇ ಮಾತ್ರೆ. ನಾನು ‘ಒತ್-ಸು’ ಎಂದು ಮುರಿದು ಹೇಳುತ್ತಿದ್ದದ್ದು ಅದಕ್ಕೇ. ಹೊರಡುವಾಗಿನ ‘ಶಿತ್ಸುರೇ ಶಿಮಸ್’ನಲ್ಲೂ ಇದೇ ಕಥೆ. ‘ತ್ಸು, ತ್ಸು, ತ್ಸು’ ಎಂದು ಅದೊಂದನ್ನೇ ಹೇಳಿಕೊಂಡು ಆಮೇಲೆ ಮುಂದೆ ‘ಒ’ ಸೇರಿಸಿದೆ. ಬಸ್ಸಿನಲ್ಲಿ ಪಕ್ಕದವರು ಜಾಗ ಬದಲಿಸಿದರು.

ಗುರುವಾರ, ಶುಕ್ರವಾರ

ಇಂಗ್ಲಿಷಿನ ಅರ್ಥದ ಮೂಲಕ ನೆನಪಿಡುವುದನ್ನು ನಿಲ್ಲಿಸಿದೆ. ಸಹೋದ್ಯೋಗಿ ನನ್ನ ಪಟ್ಟಿಯಲ್ಲಿಲ್ಲದ ಮನೆಮಾತೊಂದನ್ನು ಹೇಳಿಕೊಟ್ಟರು. ಮನೆಯಿಂದ ಹೊರಡುವಾಗ ‘ಇತ್ತೆ ಕಿಮಸ್’. ‘ಇತ್ತೆ’ ಎಂದರೆ ಹೋಗಿ, ‘ಕಿಮಸ್’ ಎಂದರೆ ಬರುತ್ತೇನೆ. ಪದಕ್ಕೆ ಪದ ನಮ್ಮ ‘ಹೋಗಿ ಬರುತ್ತೇನೆ’! ಮನೆಯಲ್ಲಿರುವವರ ಉತ್ತರ ‘ಇತ್ತೆರಶ್ಶಯ್’, ಹೋಗಿ ಬನ್ನಿ. ಹೊಡೆದುಹಾಕಿದ ‘ಸಯೋನರ’ದ ಮೂಲಾರ್ಥವೂ ‘ಹಾಗಿದ್ದರೆ’ ಎಂದೇ; ನಾವು ‘ಸರಿ ಹಾಗಾದರೆ’ ಎಂದು ಏಳುವ ಹಾಗೆ. ಶುಕ್ರವಾರ ಬೆಳಿಗ್ಗೆ ಅಮ್ಮನಿಗೆ ‘ಇತ್ತೆ ಕಿಮಸ್’ ಎಂದೆ. ಅಮ್ಮ ಒಗ್ಗರಣೆಯಿಂದ ತಲೆಯೆತ್ತದೆ “ಹೋಗಿ ಬಾ, ಕೊಡೆ ತೆಗೆದುಕೊ” ಎಂದರು. ಅರ್ಥ ಹೇಳುವ ಅಗತ್ಯವೇ ಬೀಳಲಿಲ್ಲ.

ಚೀಟಿಗಳನ್ನೂ ಬದಲಿಸಿದೆ. ಮೊದಲು ಒಂದು ಬದಿಯಲ್ಲಿ ಪದ, ಇನ್ನೊಂದು ಬದಿಯಲ್ಲಿ ಅರ್ಥ ಇತ್ತು. ಈಗ ಒಂದು ಬದಿಯಲ್ಲಿ ಸನ್ನಿವೇಶ ಮಾತ್ರ: ‘ಬೆಳಿಗ್ಗೆ 9, ಗೇಟಿನ ಹತ್ತಿರ’, ‘ಮಧ್ಯಾಹ್ನ 3, ಕಾರಿಡಾರಿನಲ್ಲಿ ಎದುರಾದರು’. ಎರಡನೆಯದಕ್ಕೆ ನಾನು ‘ಕೊನ್ನಿಚಿವ’ ಎಂದೇ ಹೇಳುತ್ತಿದ್ದೆ. ಅದು ಹೊರಗಿನವರಿಗೆ ಸರಿ, ಒಂದೇ ಕಡೆ ದುಡಿಯುವವರು ಹಗಲಿನಲ್ಲಿ ಎದುರಾದರೆ ‘ಒತ್ಸುಕರೆಸಮ ದೆಸ್’. ಪದ ಬಾಯಿಪಾಠವಾಗಿದ್ದರೂ ಜಾಗ ತಪ್ಪುತ್ತಿತ್ತು, ಅದನ್ನು ಹಿಡಿದುಕೊಟ್ಟದ್ದು ಈ ಚೀಟಿ.

ಶನಿವಾರ

ಬಾಗುವುದು. ಎದುರಾದವರಿಗೆ ಸುಮಾರು 15 ಡಿಗ್ರಿ, ಅತಿಥಿಗಳಿಗೆ 30. ಸೊಂಟದಿಂದ ಬಾಗಬೇಕು, ಕತ್ತು ಮಾತ್ರ ಆಡಿಸಬಾರದು. ಮಾತು ಮುಗಿಸಿ ಆಮೇಲೆ ಬಾಗುವುದು ಅಚ್ಚುಕಟ್ಟಿನ ಕ್ರಮ. ಎರಡನ್ನೂ ಒಟ್ಟಿಗೆ ಮಾಡಿದರೆ ಮಾತು ನೆಲಕ್ಕೆ ಹೇಳಿದಂತಾಗುತ್ತದೆ. ಕನ್ನಡಿಯ ಮುಂದೆ ನಿಂತರೆ ನನ್ನ ಕೈಗಳು ತಾವಾಗಿಯೇ ಜೋಡಿಕೊಂಡು ನಮಸ್ಕಾರವಾಗುತ್ತಿದ್ದವು. ಕೊನೆಗೆ ಕೈಯಲ್ಲೊಂದು ಫೈಲು ಹಿಡಿದು ಅಭ್ಯಾಸ ಮಾಡಿದೆ.

ಭಾನುವಾರ

ಚೀಟಿ ಕಲಸಿ ಮೂರು ಸುತ್ತು. ಏಳರಲ್ಲಿ ಏಳೂ ಬಂದವು. ‘ನಿಮ್ಮ ಸಹಕಾರವಿರಲಿ’ ಎಂಬ ‘ಯೊರೊಶ್ಕು ಒನೆಗಯ್‌ ಶಿಮಸ್’ ಮಾತ್ರ ಪ್ರತಿ ಸಲವೂ ಅರೆ ಕ್ಷಣ ತಡ.

ಸೋಮವಾರ

ಹಜಿಮೆಮಶ್ತೆ, ಹೆಸರು, ಯೊರೊಶ್ಕು, ಬಾಗುವುದು: ಎಲ್ಲವೂ ಸರಿಯಾಗಿ ನಡೆಯಿತು. ಹೆಸರಿನ ಕೊನೆಗೆ ‘ಸನ್’ ಸೇರಿಸಿಕೊಳ್ಳಲಿಲ್ಲ. ಅದು ಗೌರವಸೂಚಕ, ತನಗೆ ತಾನೇ ಹಾಕಿಕೊಳ್ಳುವಂತಿಲ್ಲ. ಇಬ್ಬರಲ್ಲಿ ಹಿರಿಯರು ಮುಖವರಳಿಸಿ ಜಪಾನಿಯಲ್ಲೇ ಒಂದು ನಿಮಿಷ ಮಾತಾಡಿದರು. ನನಗೆ ತಿಳಿದದ್ದು ‘ಅಲ್ಲವೇ’ ಎಂಬರ್ಥದ ಕೊನೆಯ ‘ದೆಸ್ ನೆ’ ಮಾತ್ರ. ತಲೆಯಾಡಿಸಿದೆ.

ಸಂಜೆ ಇನ್ನೊಂದು ಕಡೆ ಸಿಕ್ಕಿಬಿದ್ದೆ. ಅವರು ನನಗಿಂತ ಮೊದಲು ಎದ್ದು ‘ಒಸಕಿ ನಿ ಶಿತ್ಸುರೇ ಶಿಮಸ್’ ಎಂದರು, ನಿಮಗಿಂತ ಮೊದಲು ಹೊರಡುತ್ತಿದ್ದೇನೆ, ಕ್ಷಮಿಸಿ ಎಂದು. ಏಳು ದಿನವೂ ಅದನ್ನು ಹೇಳುವವಳು ನಾನೇ ಆಗಿದ್ದೆ, ಕೇಳಿಸಿಕೊಳ್ಳುವವಳಾಗಿ ಒಮ್ಮೆಯೂ ನಿಂತಿರಲಿಲ್ಲ. ‘ದಣಿದಿದ್ದೀರಿ’ಯ ಭೂತಕಾಲದ ರೂಪ ‘ಒತ್ಸುಕರೆಸಮ ದೆಶ್ತ’ ಎನ್ನಬೇಕು ಎಂದು ನೆನಪಾಗುವಷ್ಟರಲ್ಲಿ ಅವರ ಕಾರು ಗೇಟು ದಾಟಿತ್ತು. ಚೀಟಿಗಳ ಹಿಂಬದಿಯಲ್ಲಿ ಇವತ್ತಿನಿಂದ ಎರಡನೆಯ ಸಾಲು, ಎದುರಿನವರು ಹೇಳುವುದು.