ಮಂಡಕ್ಕಿ ಮಸಾಲೆ, ಕಂತು 6: 500 ಲೇಬಲ್ ನೀರಲ್ಲಿ ಹೋಮ

ನಾನು ಮಾರೋಕೆ ಹೊರಟ ಮಂಡಕ್ಕಿ ಮಸಾಲೆ ಪುಡಿಯ ಹದ ಕೊನೆಗೂ ಕೂತಿದೆ, ಅದರ ಕಥೆ ಹೋದ ಕಂತಲ್ಲೇ ಆಯ್ತು. ಈ ಸಲ ತಲೆ ತಿಂದಿದ್ದು ಹೆಸರು.

ಮೊದಲು ಇಟ್ಟಿದ್ದು ‘ದಾವಣಗೆರೆ ಗರಿಗರಿ ಮಂಡಕ್ಕಿ ಮಸಾಲೆ’. ಪರಿಚಯದ ವಕೀಲರೊಬ್ಬರು ನಕ್ಕೇಬಿಟ್ಟರು. “ಊರು, ಗುಣ, ಸಾಮಾನು, ಮೂರನ್ನೂ ಹೇಳಿದೀಯ. ಹೆಸರೆಲ್ಲಿದೆ?” 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಕಲಮಿನಲ್ಲಿ ಬರಿ ವಿವರಣೆಯಾಗೋ ಪದಕ್ಕೆ ಆಕ್ಷೇಪ ಬರುತ್ತೆ. ಎದುರು ಬೀದಿಯವನೂ ‘ಮಂಡಕ್ಕಿ ಮಸಾಲೆ’ ಅಂತ ಬರೆಯಲೇಬೇಕಲ್ವಾ, ಅವನನ್ನು ತಡೆಯೋಕೆ ನಾನ್ಯಾರು?

ಆಮೇಲೆ ಹೊಳೆದಿದ್ದು ‘ಚಿಟಿಕೆ’. ಪುಡಿಯನ್ನ ಸೂಚಿಸುತ್ತೆ, ವಿವರಿಸಲ್ಲ. ಟ್ರೇಡ್‌ಮಾರ್ಕ್ ಇಲಾಖೆಯ ಸಾರ್ವಜನಿಕ ಹುಡುಕಾಟದಲ್ಲಿ Wordmark ಆರಿಸಿ, ಮಸಾಲೆಯ 30ನೇ ವರ್ಗದಲ್ಲಿ CHITIKE ಅಂತ ಹೊಡೆದೆ. ಏನೂ ಸಿಗಲಿಲ್ಲ. ಖುಷಿಗೆ ಲೇಬಲ್ ಆರ್ಡರ್ ಕೊಟ್ಟೆ. ಪ್ರಿಂಟಿಂಗ್‌ನವನು ಮೂರು ದಿನ ಅಂದು ಎರಡು ವಾರ ಸತಾಯಿಸಿದ, ಹಸಿರು ಕೇಳಿದ್ರೆ ಪಾಚಿ ಬಣ್ಣ ಕೊಟ್ಟ, ಅದು ಬೇರೆ ಗೋಳು.

ನನ್ನ ತಪ್ಪು ಇಷ್ಟೇ: Wordmark ನಾನು ಹೊಡೆದ ಅಕ್ಷರಗಳನ್ನೇ ಹುಡುಕುತ್ತೆ. ಕನ್ನಡದ ಪದವನ್ನ ಇಂಗ್ಲಿಷಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೀತಾರೆ. CHITKE, CHITIKI, CHITTIKE ಎಲ್ಲ ಹೊಡೆದು, ಸದ್ದು ಹೋಲೋ ಹೆಸರು ಹುಡುಕೋ Phonetic ಹುಡುಕಾಟವನ್ನೂ ಮಾಡಿದಾಗ ಒಂದು ಸಿಕ್ಕಿತು. ಒಂದೇ ಅಕ್ಷರ ವ್ಯತ್ಯಾಸ, ಅದೇ 30ನೇ ವರ್ಗ, ಅದೇ ಮಸಾಲೆ ಪುಡಿ, ಸ್ಥಿತಿ Registered. ಹೆಸರನ್ನ ಇಲ್ಲಿ ಬರೆಯಲ್ಲ. Abandoned, ಅಂದರೆ ಅರ್ಜಿ ಕೈಬಿಟ್ಟಿದ್ದು ಅಂತ ಇದ್ದಿದ್ದರೆ ಸ್ವಲ್ಪ ಉಸಿರಾಡಬಹುದಿತ್ತು, ಆದರೂ ಆ ಹೆಸರು ಇಟ್ಟವನು ಅದರಲ್ಲಿ ಮಾರುತ್ತಿದ್ದರೆ ನೋಂದಣಿ ಇಲ್ಲದೆಯೂ ತಕರಾರು ತೆಗೆಯಬಹುದು.

“ಲೇಬಲ್ ಬಣ್ಣ ಬೇರೆ ಇದೆಯಲ್ಲ” ಅಂತ ವಾದಿಸಿದೆ. ವಕೀಲರು ಅಮೃತಧಾರಾ–ಲಕ್ಷ್ಮಣಧಾರಾ ಅನ್ನೋ ಎರಡು ಔಷಧಿ ಹೆಸರುಗಳ ಪ್ರಕರಣ ಹೇಳಿದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಬೇರೆ ಅಂತ ಗೊತ್ತಾಗುತ್ತೆ, ಆದರೆ ಗಿರಾಕಿ ಹಾಗೆ ಇಟ್ಟು ನೋಡಲ್ಲ, ಅರೆಬರೆ ನೆನಪಲ್ಲಿ ಕೇಳ್ತಾನೆ. ಸುಪ್ರೀಂ ಕೋರ್ಟ್ ಆ ಎರಡು ಹೆಸರಿನ ಒಟ್ಟು ಸದ್ದು ಗೊಂದಲ ಹುಟ್ಟಿಸುತ್ತೆ ಅಂದಿತ್ತು. ಹಾಗಾಗಿ ಈಗ ನನ್ನ ಪರೀಕ್ಷೆ ಬೇರೆ: ಅಂಗಡಿಯಲ್ಲಿ ಗಲಾಟೆ ಇರುವಾಗ ಅಮ್ಮನಿಂದ ಹೆಸರು ಕೂಗಿಸೋದು. ಅಂಗಡಿಯವನು ಬೇರೆ ಪೊಟ್ಟಣ ಕೈಗಿಟ್ಟರೆ ಆ ಹೆಸರು ಕಸಕ್ಕೆ.

ಅಂದಹಾಗೆ ಮುಂದಿನದು ಚಳ್ಳಕೆರೆ ಕಡೆಯ ಶೇಂಗಾದ ಗಾಣದೆಣ್ಣೆ. ‘ಕೋಟೆ’ ಅನ್ನೋ ಆಸೆ ಇತ್ತು. ಅಡುಗೆ ಎಣ್ಣೆ 29ನೇ ವರ್ಗ, ಆದರೆ 30ನ್ನೂ ಜಾಲಾಡ್ತೀನಿ. ವರ್ಗ ಬೇರೆ ಆದರೂ ಸರಕು ಹತ್ತಿರದ್ದಾದರೆ ಅಡ್ಡಿ ಬರಬಹುದು.

ಚಿಟಿಕೆ ಲೇಬಲ್‌ಗಳು ಈಗ ಮನೆಯ ಸಾರಿನಪುಡಿ ಡಬ್ಬಿಗೆ. ಹೊಸ ಹೆಸರು ಸಿಕ್ಕಿದೆ. ವೈಯಕ್ತಿಕ ಅರ್ಜಿಯ ಆನ್‌ಲೈನ್ ಶುಲ್ಕ 4,500 ರೂಪಾಯಿ ಕಟ್ಟಿ ನಂಬರ್ ಬರೋವರೆಗೆ ಬಾಯಿ ಬಿಡಲ್ಲ.